ಸ್ವಯಂ ನಿವೃತ್ತಿ ಬೇಡವೆಂದು ಬರೆಯುವುದು ಹೇಗೆ?

ಕಾಸರಗೋಡಿನ ಕಾರ್ಖಾನೆಯೊಂದರಲ್ಲಿದ್ದೇನೆ. ಸ್ವಯಂ ನಿವೃತ್ತಿ ಯೋಜನೆಯ ಪತ್ರ ಬಂದಿದೆ. ಮನಸ್ಸಿಲ್ಲ. ಏನೆಂದು ಉತ್ತರಿಸಲಿ?

ಉತ್ತರ: ಇಷ್ಟು ಸಾಕು: "ತಮ್ಮ 12ನೇ ತಾರೀಖಿನ ಪತ್ರ ತಲುಪಿದೆ. ಯೋಜನೆಯನ್ನು ಓದಿದ್ದೇನೆ. ಅದಕ್ಕೆ ಅರ್ಜಿ ಸಲ್ಲಿಸುವುದಿಲ್ಲ. ಈಗಿನ ಹುದ್ದೆಯಲ್ಲಿಯೇ ಮುಂದುವರಿಯುತ್ತೇನೆ."

ಕಾರಣ ಬರೆಯಬೇಡಿ. ನನ್ನ ಸಹೋದ್ಯೋಗಿಯೊಬ್ಬರು ‘ಮೊತ್ತ ಸಾಲದು’ ಎಂದು ಬರೆದರು. ವಾರದೊಳಗೆ ಮೊತ್ತ ಏರಿಸಿದ ಪತ್ರ ಬಂತು. ಬೇಡವೆನ್ನಲು ಅವರಿಗೆ ಬಾಯಿಯೇ ಉಳಿಯಲಿಲ್ಲ. ‘ಸದ್ಯಕ್ಕೆ ಬೇಡ’ ಎಂದರೂ ಅಷ್ಟೇ, ಬಾಗಿಲು ಅರ್ಧ ತೆರೆದಂತೆ. ‘ಮಂಡಿನೋವು’ ಎಂದಂತೂ ಬರೆಯಲೇಬೇಡಿ, ಅದನ್ನು ಮುಂದೆ ನಿಮ್ಮ ದೈಹಿಕ ಕ್ಷಮತೆಯ ಪ್ರಶ್ನೆಯಾಗಿಸಬಹುದು.

ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಮಲಯಾಳದಲ್ಲಿರುವ ನಮೂನೆ ಕೊಟ್ಟು ‘ತಲುಪಿದ್ದಕ್ಕೆ ಒಂದು ರುಜು’ ಎಂದರೆ, ಓದಿಸಿಕೊಳ್ಳದೆ ಹಾಕಬೇಡಿ. ಅದು ಅರ್ಜಿಯೇ ಆಗಿರಬಹುದು.