ಕದಡಿದ್ದೆಲ್ಲ ಪ್ರೋಟೀನ್ ಅಲ್ಲ

ಪ್ರಶ್ನೆ: ನಾಳಿದ್ದು ಪೆಥಾಲಜಿ ಪ್ರಾಕ್ಟಿಕಲ್ ಇದೆ. ರೂಮ್‌ಮೇಟ್ ಜೊತೆ ಪ್ರಶ್ನೆ ಕೇಳಿಕೊಂಡು ಓದುವುದು ಒಳ್ಳೆಯದೋ, ಒಬ್ಬರೇ ಕೂತು ಓದುವುದೋ?

ಎರಡನೆಯ ವರ್ಷದಲ್ಲಿ ಪ್ರಾಕ್ಟಿಕಲ್‌ನ ಹಿಂದಿನ ರಾತ್ರಿ ನನ್ನ ರೂಮ್‌ಮೇಟ್ ಮಂಚದ ಮೇಲೆ ರೆಕಾರ್ಡ್ ಪುಸ್ತಕ ಹಿಡಿದು ಕೇಳುತ್ತಿದ್ದಳು, ನಾನು ನೆಲದ ಮೇಲೆ ಕೂತು ಉತ್ತರಿಸುತ್ತಿದ್ದೆ. "ಮೂತ್ರವನ್ನು ಕಾಯಿಸಿದಾಗ ಮೇಲ್ಭಾಗ ಕದಡಿತು, ಏನದು?" ಎಂದಳು. "ಪ್ರೋಟೀನ್" ಎಂದೆ. "ಸರಿ ಕಣೇ, ಮುಂದಿನದು" ಎಂದು ಅವಳು ಪುಟ ತಿರುಗಿಸಿದಳು.

ಮರುದಿನ ನನಗೆ ಬಂದದ್ದೂ ಮೂತ್ರ ಪರೀಕ್ಷೆಯೇ. ಚೀಟಿಯಲ್ಲಿ ಜ್ವರ ಮತ್ತು ಉರಿಮೂತ್ರ ಎಂದಿತ್ತು. ಟೆಸ್ಟ್ ಟ್ಯೂಬನ್ನು ಮುಕ್ಕಾಲು ಭಾಗ ತುಂಬಿಸಿ, ಬುಡದಲ್ಲಿ ಹಿಡಿದು, ಮೇಲ್ಭಾಗವನ್ನಷ್ಟೇ ಜ್ವಾಲೆಗೆ ಒಡ್ಡಿದೆ. ಕಾಯದ ಕೆಳಭಾಗ ಹೋಲಿಕೆಗೆ ಇರಲಿ ಎಂದೇ ಹಾಗೆ ಮಾಡುವುದು. ಮೇಲ್ಗಡೆ ಬಿಳಿ ಮೋಡ ಕಟ್ಟಿದ ಕೂಡಲೇ "ಪ್ರೋಟೀನ್ ಇದೆ" ಎಂದು ಬರೆದುಬಿಟ್ಟೆ. ಪರೀಕ್ಷಕರು ಮಾತನಾಡದೆ ನನ್ನ ಟ್ಯೂಬಿಗೆ ಶೇಕಡಾ 3ರ ಅಸಿಟಿಕ್ ಆಮ್ಲವನ್ನು ಮೂರ್ನಾಲ್ಕು ಹನಿ ಬಿಟ್ಟರು. ಮೋಡ ಕರಗಿ ಟ್ಯೂಬು ತಿಳಿಯಾಯಿತು. ಮತ್ತೆ ಕಾಯಿಸಿದರೂ ತಿಳಿಯಾಗಿಯೇ ಉಳಿಯಿತು.

ಅದು ಫಾಸ್ಫೇಟ್. ಮೂತ್ರ ಕ್ಷಾರೀಯವಾಗಿದ್ದರೆ, ಕಾಯಿಸಿದಾಗ ಅದರಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಕ್ಷಾರೀಯತೆ ಇನ್ನಷ್ಟು ಏರುತ್ತದೆ. ಆಗ ಕ್ಯಾಲ್ಸಿಯಂ ಫಾಸ್ಫೇಟ್ ಬೆಳ್ಳಗೆ ಬೇರ್ಪಡುತ್ತದೆ, ಬರಿಗಣ್ಣಿಗೆ ಪ್ರೋಟೀನಿನಂತೆಯೇ ಕಾಣುತ್ತದೆ. ಆಮ್ಲ ಬಿದ್ದರೆ ಫಾಸ್ಫೇಟ್ ಕರಗುತ್ತದೆ, ಶಾಖಕ್ಕೆ ಹೆಪ್ಪುಗಟ್ಟಿದ ಪ್ರೋಟೀನ್ ಹಾಗೆಯೇ ಉಳಿಯುತ್ತದೆ ಅಥವಾ ಇನ್ನೂ ದಟ್ಟವಾಗುತ್ತದೆ. ಹಾಗೆಂದು ಆಮ್ಲವನ್ನು ಧಾರಾಳವಾಗಿ ಸುರಿದರೆ ಪ್ರೋಟೀನೂ ಕರಗಿಹೋಗಬಹುದು, ಆದ್ದರಿಂದಲೇ ಹನಿ ಲೆಕ್ಕ. ಇದೆಲ್ಲ ನನ್ನ ರೆಕಾರ್ಡಿನಲ್ಲೇ, ನನ್ನದೇ ಅಕ್ಷರದಲ್ಲಿ ಇತ್ತು. ನಾನು 'ಹೀಟ್ ಅಂಡ್ ಅಸಿಟಿಕ್ ಆಸಿಡ್ ಟೆಸ್ಟ್' ಎಂಬ ಪರೀಕ್ಷೆಯ ಹೆಸರಿನಲ್ಲೇ ಇದ್ದ ಆಮ್ಲವನ್ನು ಮರೆತು ಅರ್ಧಕ್ಕೇ ತೀರ್ಪು ಕೊಟ್ಟಿದ್ದೆ.

ಹಾಗಾಗಿ ಒಬ್ಬರೋ ಇಬ್ಬರೋ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ನಾವಿಬ್ಬರೂ ಕೂತೇ ಓದಿದ್ದೆವು, ಆದರೆ ಒಂದು ಶಬ್ದದಲ್ಲಿ ಮುಗಿಯುವ ಪ್ರಶ್ನೆಗಳನ್ನೇ ಕೇಳಿಕೊಂಡೆವು. "ಏನದು?" ಎಂದು ಕೇಳಬೇಡಿ. "ಕದಡಿತು, ಈಗ ಏನು ಮಾಡುತ್ತೀ? ಕರಗಿದರೆ ಏನು ಬರೆಯುತ್ತೀ, ಉಳಿದರೆ ಏನು?" ಎಂದು ಕೇಳಿ. ರೂಮಿನಲ್ಲಿ ಬರ್ನರ್ ಇಲ್ಲದಿದ್ದರೂ ಪೆನ್ನನ್ನೇ ಟ್ಯೂಬಿನಂತೆ ಹಿಡಿದು ಕೈಯಲ್ಲಿ ಮಾಡಿ ತೋರಿಸಲು ಹೇಳಿ. ಸ್ಪಾಟರ್‌ಗಳಿಗೂ ಇದೇ ಮಾತು: ಜಾಡಿಯಲ್ಲಿರುವುದು ಯಾವ ಅಂಗ, ಯಾವ ಗುರುತಿನಿಂದ ಹಾಗೆ ಹೇಳಿದೆ ಎಂಬುದು ಬಾಯಿಗೆ ಬಾರದಿದ್ದರೆ ರೋಗದ ಹೆಸರಿಗೆ ಬೆಲೆಯಿಲ್ಲ.

ರೂಮ್‌ಮೇಟ್‌ಳ ಬ್ಯಾಚ್ ನನ್ನ ಮರುದಿನ ಇತ್ತು. ಆ ರಾತ್ರಿ ನಾನು ಮಂಚದ ಮೇಲೆ, ಅವಳು ನೆಲದ ಮೇಲೆ. "ಮೇಲ್ಭಾಗ ಕದಡಿತು" ಎಂದೆ. ಅವಳು ಪೆನ್ನನ್ನು ಬುಡದಲ್ಲಿ ಹಿಡಿದುಕೊಂಡೇ, "ಆಮ್ಲದ ಬಾಟಲಿ ಎಲ್ಲೇ?" ಎಂದು ಇನ್ನೊಂದು ಕೈ ಚಾಚಿದಳು.