ಮಳೆಗಾಲದ ಕಪ್ಪೆ ವಿಷವೇ? ಮನೆಯಲ್ಲಿ ನಾಯಿ ಇದ್ದರೆ ಮೊದಲು ಇದನ್ನು ಓದಿ

ಪ್ರಶ್ನೆ: ಮಳೆ ಶುರುವಾದಾಗಿನಿಂದ ಬಾತ್‌ರೂಮಲ್ಲಿ ದಿನಾ ಕಪ್ಪೆ, ಅಂಗಳದಲ್ಲೂ ದಪ್ಪ ದಪ್ಪ ಕಪ್ಪೆಗಳು. ಮನೇಲಿ ಚಿಕ್ಕ ಮಗು, ನಾಯಿ ಎರಡೂ ಇವೆ. ಇವು ವಿಷಾನಾ? ಉಪ್ಪು ಅಥವಾ ಬ್ಲೀಚಿಂಗ್ ಪೌಡರ್ ಹಾಕಿದ್ರೆ ಹೋಗ್ತವಾ?

ಉಪ್ಪು ಹಾಕಬೇಡಿ. ಕಾರಣ ಆಮೇಲೆ ಹೇಳುತ್ತೇನೆ, ಮೊದಲು ನಾಯಿಯ ವಿಷಯ.

ನಮ್ಮ ಮನೆ ತೀರ್ಥಹಳ್ಳಿ ಕಡೆ, ಸುತ್ತ ಅಡಿಕೆ ತೋಟ. ಜೂನ್ ತಿಂಗಳ ಒಂದು ಸಂಜೆ ಮಳೆ ನಿಂತ ಮೇಲೆ ಜಗುಲಿಯ ದೀಪಕ್ಕೆ ಮಳೆಹುಳ ಮುತ್ತಿಕೊಂಡಿದ್ದವು. ರೆಕ್ಕೆ ಬಂದ ಗೆದ್ದಲು, ಗೊತ್ತಲ್ವಾ, ಅವು. ಕೆಳಗೆ ಉದುರಿದ್ದನ್ನು ತಿನ್ನಲು ನೆಲಗಪ್ಪೆಗಳು ಬಂದು ಕೂತಿದ್ದವು. ಕರಿಯ ಅಂತ ನಮ್ಮದೊಂದು ನಾಯಿಮರಿ ಇತ್ತು, ಇನ್ನೂ ಹಾಲುಹಲ್ಲು ಉದುರದ ಮರಿ. ಅಲುಗಾಡುವುದೆಲ್ಲ ಅದಕ್ಕೆ ಆಟದ ಸಾಮಾನು. ಒಂದು ಕಪ್ಪೆಯನ್ನು ಬಾಯಲ್ಲಿ ಕಚ್ಚಿಕೊಂಡು ಎರಡು ಸಲ ಒದರಿ ಬಿಟ್ಟುಬಿಟ್ಟಿತು. ಅದನ್ನು ನಾನು ನೋಡಲಿಲ್ಲ, ತಮ್ಮ ನೋಡಿದ್ದ, ಆದರೆ ದೊಡ್ಡ ವಿಷಯ ಅಂತ ಅವನಿಗೂ ಅನ್ನಿಸಿರಲಿಲ್ಲ.

ಕೆಲವೇ ನಿಮಿಷದಲ್ಲಿ ಮರಿ ತಲೆ ಕೊಡವುತ್ತಿತ್ತು, ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುತ್ತಿತ್ತು. ಬಿಳಿ ನೊರೆ ನೂಲು ನೂಲಾಗಿ ನೆಲದವರೆಗೆ ಇಳಿಯುತ್ತಿತ್ತು. ಒಸಡು ಕೆಂಪಾಗಿತ್ತು. ಹಾವು ಕಚ್ಚಿದೆ ಅಂತ ಅಪ್ಪ, ಇಲಿಪಾಷಾಣ ತಿಂದಿದೆ ಅಂತ ನಾನು. ಅಮ್ಮ ಒಳಗಿಂದ ಹಾಲು ತಂದರು. ವಿಷಕ್ಕೆ ಹಾಲು ಕುಡಿಸಬೇಕು ಅನ್ನೋದು ನಮ್ಮಲ್ಲಿ ಎಲ್ಲರೂ ಕೇಳಿ ಬೆಳೆದ ಮಾತು.

ತಪ್ಪು ಆಗಿದ್ದು ಇಲ್ಲೇ. ನಾನು ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮೂತಿ ಮೇಲಕ್ಕೆ ಎತ್ತಿ ಹಿಡಿದು, ಚಮಚದಲ್ಲಿ ಹಾಲು ಹೊಯ್ದೆ. ಅದು ಕೆಮ್ಮಿತು. ಕೆಮ್ಮಿದರೆ ಹೊರಗೆ ಬರುತ್ತೆ, ಒಳ್ಳೇದೇ ಅಂದುಕೊಂಡು ಮತ್ತೆ ಹೊಯ್ದೆ. ಬಾಯಿತುಂಬ ನೊರೆ ಇರುವ ಪ್ರಾಣಿಗೆ ಸರಿಯಾಗಿ ನುಂಗಲು ಆಗುವುದಿಲ್ಲ. ಮೇಲಿಂದ ಅದರ ತಲೆಯನ್ನು ನಾನು ಹಿಂದಕ್ಕೆ ಬಗ್ಗಿಸಿದ್ದೆ. ಹಾಗೆ ಬಗ್ಗಿಸಿದಾಗ ಹೊಯ್ದದ್ದೆಲ್ಲ ನೇರ ಗಂಟಲ ಹಿಂಭಾಗಕ್ಕೆ ಜಾರುತ್ತೆ, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುವುದಕ್ಕೂ ಸಮಯ ಸಿಗುವುದಿಲ್ಲ. ಹಾಲಿನ ಜೊತೆ ಬಾಯಲ್ಲಿದ್ದ ನೊರೆ, ಅಂದರೆ ಕಪ್ಪೆಯ ವಿಷವೂ ಒಳಕ್ಕೆ ಹೋಯಿತು. ಹೊರಗೆ ಬರಬೇಕಾಗಿದ್ದನ್ನು ನಾನೇ ಒಳಕ್ಕೆ ತಳ್ಳಿದ್ದೆ.

ರಾತ್ರಿ ಹೊತ್ತಿಗೆ ನೊರೆ ಕಡಿಮೆಯಾಯಿತು, ಮರಿ ಎದ್ದು ಓಡಾಡಿತು. ಬದುಕಿತು ಅಂತ ನಾವೆಲ್ಲ ಮಲಗಿದೆವು. ಬೆಳಿಗ್ಗೆ ಮೈ ಕಾದಿತ್ತು, ಉಸಿರಾಡುವಾಗ ಪಕ್ಕೆ ಒಳಕ್ಕೆ ಹೋಗಿ ಬರುತ್ತಿತ್ತು. ಪೇಟೆಯ ಪಶುವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, "ಏನಾದ್ರೂ ಕುಡಿಸಿದ್ರಾ?" ಅಂತ ಕೇಳಿದರು. ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು. ಇಂಜೆಕ್ಷನ್ ಕೊಟ್ಟರು, ಡ್ರಿಪ್ ಹಾಕಿದರು. ಮರಿ ಉಳಿಯಲಿಲ್ಲ. ಕಪ್ಪೆಯ ವಿಷದಿಂದ ಅದು ಹೆಚ್ಚುಕಮ್ಮಿ ಚೇತರಿಸಿಕೊಂಡಿತ್ತು, ಹೋಗಿದ್ದು ಹಾಲಿನಿಂದ ಅಂತ ಅವರು ಮುಚ್ಚುಮರೆ ಇಲ್ಲದೆ ಹೇಳಿದರು. ಹೇಳಿದ್ದು ಒಳ್ಳೆಯದಾಯಿತು.

ಅವತ್ತು ನಾನು ಮಾಡಬೇಕಾಗಿದ್ದು ಇದು. ಮರಿಯನ್ನು ನಲ್ಲಿ ಹತ್ತಿರ ಒಯ್ದು, ಮೂತಿ ನೆಲದ ಕಡೆ ಬಗ್ಗಿಸಿ, ತುಟಿಯ ಪಕ್ಕದಿಂದ ಪೈಪಿನಲ್ಲೋ ಚೊಂಬಿನಲ್ಲೋ ಮೆಲ್ಲಗೆ ನೀರು ಬಿಡಬೇಕಿತ್ತು. ಒಂದು ಪಕ್ಕದಿಂದ ಹೋದ ನೀರು ಇನ್ನೊಂದು ಪಕ್ಕದಿಂದ ಹೊರಗೆ ಬೀಳಬೇಕು, ಗಂಟಲಿನ ಕಡೆ ಹೋಗಬಾರದು. ಕಪ್ಪೆಯ ವಿಷ ಅಂಟಂಟು, ಬರೀ ನೀರಿಗೆ ಪೂರ್ತಿ ಬಿಡುವುದಿಲ್ಲ. ಅದಕ್ಕೇ ನಡುನಡುವೆ ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ, ಅಂಗುಳ ಒರೆಸಬೇಕು. ಪ್ರತಿ ಸಲ ಬಟ್ಟೆಯನ್ನು ತೊಳೆದು ಒರೆಸಬೇಕು. ಹತ್ತು ನಿಮಿಷದವರೆಗೆ ಇದನ್ನೇ ಮಾಡುತ್ತಿರಬೇಕು. ಹಾಲು, ಮಜ್ಜಿಗೆ, ಎಳನೀರು, ಹುಣಸೆ ನೀರು ಯಾವುದೂ ಬೇಡ. ವಾಂತಿ ಮಾಡಿಸುವುದೂ ಬೇಡ.

ಬರೀ ಜೊಲ್ಲು, ತಲೆ ಕೊಡವುವುದು ಇಷ್ಟೇ ಆಗಿದ್ದರೆ ತೊಳೆದ ಮೇಲೆ ಇಳಿಯುತ್ತಾ ಬರುತ್ತದೆ. ನಾಯಿ ತೂರಾಡಿದರೆ, ಕೈಕಾಲು ಸೆಟೆದುಕೊಂಡರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ಎದೆಬಡಿತ ತಪ್ಪಿ ತಪ್ಪಿ ಸಿಕ್ಕಿದರೆ ಒಂದು ನಿಮಿಷವೂ ಕಾಯಬೇಡಿ. ಈ ವಿಷದಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ಅಂಶ ಇದೆ. ದೊಡ್ಡ ನಾಯಿಗಳು ಸಾಮಾನ್ಯವಾಗಿ ಸುಧಾರಿಸಿಕೊಳ್ಳುತ್ತವೆ, ಮರಿಗಳಿಗೆ ಮತ್ತು ಸಣ್ಣ ಜಾತಿಯ ನಾಯಿಗಳಿಗೆ ಅಪಾಯ ಜಾಸ್ತಿ. ಹಾವೋ ಕಪ್ಪೆಯೋ ಅನ್ನುವ ಗೊಂದಲ ಬಂದರೆ ಬಾಯಿ ನೋಡಿ. ಕಪ್ಪೆಯನ್ನು ಕಚ್ಚಿದ ನಾಯಿಗೆ ಕೂಡಲೇ ಜೊಲ್ಲು ಬರುತ್ತದೆ, ಅದು ಬಾಯನ್ನೇ ಉಜ್ಜಿಕೊಳ್ಳುತ್ತಿರುತ್ತದೆ. ಊತ, ಜೋತುಬಿದ್ದ ರೆಪ್ಪೆ, ಸೋಲುವ ಹಿಂಗಾಲು ಕಂಡರೆ ಹಾವು ಇರಬಹುದು. ಸಂಶಯ ಬಂದರೆ ಅಲ್ಲೇ ಕೂತು ಚರ್ಚೆ ಮಾಡಬೇಡಿ, ಗಾಡಿ ತೆಗೆಯಿರಿ. ನಾವು ಚರ್ಚೆ ಮಾಡಿದೆವು.

ಈಗ ನಿಮ್ಮ ಕಪ್ಪೆಗಳ ವಿಷಯ. ನೀವು ಬಾತ್‌ರೂಮಿನದನ್ನೂ ಅಂಗಳದ್ದನ್ನೂ ಒಂದೇ ಅಂದುಕೊಂಡಿದ್ದೀರಿ. ಬಹುಶಃ ಅವು ಬೇರೆ ಬೇರೆ. ಬಾತ್‌ರೂಮಿನ ಗೋಡೆಗೆ, ಬಕೆಟ್ಟಿನ ಹಿಂದೆ, ಫ್ಲಶ್ ಟ್ಯಾಂಕಿನ ಮೇಲೆ ಅಂಟಿಕೊಂಡು ಕೂರುವುದು ಮರಗಪ್ಪೆ. ತೆಳ್ಳಗೆ, ನಯವಾಗಿ, ಕಂದು ಹಳದಿ ಬಣ್ಣಕ್ಕೆ ಇರುತ್ತದೆ, ಒಮ್ಮೊಮ್ಮೆ ಬಿಳಿಚಿಕೊಂಡಿರುತ್ತದೆ. ಬೆರಳ ತುದಿ ಅಗಲವಾಗಿ ಬಟ್ಟಿನಂತೆ ಇರುತ್ತದೆ, ಅದರಿಂದಲೇ ಟೈಲ್ಸ್ ಮೇಲೂ ಹತ್ತುತ್ತದೆ. ನಮ್ಮೂರ ಈ ಮರಗಪ್ಪೆಯಿಂದ ನಿಮಗೆ, ಮಗುವಿಗೆ ಏನೂ ಆಗುವುದಿಲ್ಲ. ಅದಕ್ಕೆ ಬೇಕಾಗಿರುವುದು ತೇವ ಮತ್ತು ದೀಪಕ್ಕೆ ಬರುವ ಹುಳ, ಎರಡೂ ನಿಮ್ಮ ಬಾತ್‌ರೂಮಲ್ಲಿ ಸಿಗುತ್ತವೆ.

ಅಂಗಳದ ದಪ್ಪನೆಯದು ನೆಲಗಪ್ಪೆ. ಒಣ ಒಣ ಚರ್ಮ, ಮೈತುಂಬ ಗಂಟು, ಕಣ್ಣಿನ ಮೇಲೆ ಕಪ್ಪು ಏಣು. ಕಣ್ಣಿನ ಹಿಂದೆ ಎರಡು ಕಡೆ ಉಬ್ಬಿದ ಗಂಟು ಕಾಣುತ್ತದೆ, ವಿಷ ಹೆಚ್ಚಾಗಿ ಇರುವುದು ಅದರಲ್ಲಿ. ಅಮುಕಿದಾಗ, ಹಿಂಸೆಯಾದಾಗ ಅಲ್ಲಿಂದ ಹಾಲಿನಂಥ ಬಿಳಿ ರಸ ಒಸರುತ್ತದೆ. ಅದು ಹಾರಿ ಬಂದು ಕಚ್ಚುವುದಿಲ್ಲ, ಚುಚ್ಚುವುದಿಲ್ಲ, ಅದಕ್ಕೆ ವಿಷದ ಹಲ್ಲೂ ಇಲ್ಲ. ಆ ರಸ ನಮ್ಮ ಬಾಯಿಗೆ, ಕಣ್ಣಿಗೆ, ಗಾಯಕ್ಕೆ ಹೋದರೆ ಮಾತ್ರ ತೊಂದರೆ. ಅಂಗೈಗೆ ತಾಗಿದರೆ ಸೋಪು ಹಾಕಿ ತೊಳೆದರೆ ಸಾಕು. ಹಿಡಿದಾಗ ಅದು ಬಿಡುವ ನೀರು ಉಚ್ಚೆ, ವಿಷವಲ್ಲ. ಮುಟ್ಟಿದರೆ ನರೂಲಿ ಬರುತ್ತೆ ಅನ್ನೋದು ಸುಳ್ಳು, ನರೂಲಿ ಬರುವುದು ಮನುಷ್ಯರಲ್ಲಿ ಹರಡುವ ವೈರಸ್ಸಿನಿಂದ. ಆದರೆ ಈ ಕಪ್ಪೆಯನ್ನು ತಿಂದು ಜನ ಸತ್ತದ್ದುಂಟು, ಬೇಯಿಸಿದರೂ ಈ ವಿಷ ಹೋಗುತ್ತದೆ ಅಂತ ನಂಬುವ ಹಾಗಿಲ್ಲ. ಮಗು ಅಂಬೆಗಾಲಿಡುವ ವಯಸ್ಸಿನದಾದರೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತೆ ಅಲ್ವಾ, ಆ ವಯಸ್ಸಿಗೆ ಮಾತ್ರ ಕಣ್ಣಿಟ್ಟಿರಿ. ಯಾವ ಕಪ್ಪೆ ಮುಟ್ಟಿದರೂ ಕೈ ತೊಳೆಯಲೇಬೇಕು, ಅವುಗಳ ಮೈಮೇಲೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ಉಪ್ಪು ಯಾಕೆ ಬೇಡ ಅಂದೆ ಅಂದರೆ, ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರಿಕೊಳ್ಳುತ್ತದೆ. ಉಪ್ಪು ಬಿದ್ದ ಚರ್ಮ ಒಳಗಿನ ನೀರನ್ನು ಹೊರಗೆ ಬಿಟ್ಟು ಒಣಗುತ್ತದೆ. ಅದು ನರಳಿ ಸಾಯುತ್ತದೆ, ಅಷ್ಟೇ. ನೆಲಗಪ್ಪೆಯಾಗಿದ್ದರೆ ಹಿಂಸೆಗೆ ಮೈಯೆಲ್ಲ ವಿಷ ಒಸರಿಸಿಕೊಂಡು, ಓಡಲಾರದೆ ನಿಮ್ಮ ಅಂಗಳದಲ್ಲೇ ಬಿದ್ದಿರುತ್ತದೆ. ನಾಯಿ ಇರುವ ಮನೆಯಲ್ಲಿ ಅದಕ್ಕಿಂತ ಕೆಟ್ಟ ವ್ಯವಸ್ಥೆ ಇನ್ನೊಂದಿಲ್ಲ. ನಾಳೆ ರಾತ್ರಿ ಅದೇ ದಾರಿಯಲ್ಲಿ ಬೇರೆ ಕಪ್ಪೆ ಬರುತ್ತದೆ. ಬ್ಲೀಚಿಂಗ್ ಪೌಡರ್ ಬಗ್ಗೆಯೂ ಒಂದು ಮಾತು. ಕಮೋಡ್ ತೊಳೆಯುವ ಆಸಿಡ್ ಬಿದ್ದ ಜಾಗಕ್ಕೆ ಅದನ್ನು ಸುರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಬಾಗಿಲು ಮುಚ್ಚಿದ ಬಾತ್‌ರೂಮಲ್ಲಿ ಅದು ಮೊದಲು ಹಿಡಿಯುವುದು ನಿಮ್ಮ ಉಸಿರನ್ನು.

ಹಾಗಾಗಿ ಕಪ್ಪೆ ಓಡಿಸುವ ಔಷಧಿ ಹುಡುಕಬೇಡಿ, ಅದು ಬರುವ ದಾರಿ ಹುಡುಕಿ. ಬಚ್ಚಲ ನೀರು ತೋಟಕ್ಕೆ ಬೀಳುವ ಪೈಪಿನ ಹೊರಬಾಯಿಗೆ ಸ್ಟೀಲಿನ ಜಾಲರಿ ಕಟ್ಟಿ. ಕಣ್ಣು ಕಾಲಿಂಚಿಗಿಂತ ದೊಡ್ಡದಿರಬಾರದು. ಕೂದಲು, ಸೋಪು ಕಟ್ಟಿಕೊಂಡು ನೀರು ನಿಲ್ಲುತ್ತದೆ, ವಾರಕ್ಕೊಮ್ಮೆ ತೆಗೆದು ತೊಳೆಯಬೇಕು. ಕಮೋಡಿನ ಒಳಗೇ ಕಪ್ಪೆ ಕಂಡರೆ ಅದು ತಾರಸಿಯ ಗಾಳಿ ಪೈಪಿನಿಂದ ಇಳಿದಿರಬಹುದು, ಅದರ ತಲೆಗೂ ಜಾಲರಿ ಹಾಕಿಸಿ. ಕಿಟಕಿಗೆ ಸೊಳ್ಳೆ ಪರದೆ, ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿ. ಆಮೇಲೂ ಒಂದು ಒಳಗೆ ಬಂದರೆ ಅದರ ಮೇಲೆ ಡಬ್ಬಿ ಬೋರಲು ಹಾಕಿ, ಕೆಳಗಿನಿಂದ ರಟ್ಟು ತೂರಿಸಿ ಎತ್ತಿ, ಗಿಡದ ಬುಡಕ್ಕೆ ಬಿಟ್ಟುಬಿಡಿ.

ಅಂಗಳದ ನೆಲಗಪ್ಪೆಯನ್ನು ಪೂರ್ತಿ ಓಡಿಸುವ ಯೋಚನೆ ಬಿಡಿ. ಅದು ರಾತ್ರಿಯೆಲ್ಲ ಗೆದ್ದಲು, ಇರುವೆ, ಜಿರಲೆ ತಿನ್ನುತ್ತದೆ. ಕಪ್ಪೆ ಹುಡುಕಿಕೊಂಡು ನಾಗರಹಾವು, ನೀರುಹಾವು ಬರುವುದು ನಿಜ, ಅದಕ್ಕೆ ಗೋಡೆಗೆ ಒತ್ತಿದ ಹಳೆ ಹೆಂಚು, ಸೌದೆ ರಾಶಿ ತೆಗೆಯಿರಿ. ಕಪ್ಪೆ, ಇಲಿ ಎರಡೂ ಅಡಗುವುದು ಅಲ್ಲೇ. ಮಳೆಹುಳ ಏಳುವ ಸಂಜೆ ಹೊರಗಿನ ದೀಪ ಆರಿಸಿದರೆ ಬಾಗಿಲ ಮುಂದೆ ಕಪ್ಪೆ ಸೇರುವುದು ಎಷ್ಟೋ ಕಡಿಮೆಯಾಗುತ್ತದೆ.

ನಾಯಿಯನ್ನು ಕತ್ತಲಾದ ಮೇಲೆ ಚೈನ್ ಹಾಕಿಯೇ ಹೊರಗೆ ಕರೆದುಕೊಂಡು ಹೋಗಿ, ಮಳೆಗಾಲ ಮುಗಿಯುವವರೆಗೆ. ಅದರ ನೀರಿನ ಬಟ್ಟಲನ್ನು ರಾತ್ರಿ ಹೊರಗೆ ಇಡಬೇಡಿ. ನೆಲಗಪ್ಪೆ ಅದರಲ್ಲಿ ಇಳಿದು ಕೂರುತ್ತದೆ, ಅದೇ ನೀರನ್ನು ಬೆಳಿಗ್ಗೆ ನಾಯಿ ಕುಡಿಯುತ್ತದೆ. ರಾತ್ರಿ ಫೋನ್ ಎತ್ತುವ ಪಶುವೈದ್ಯರು ನಿಮ್ಮೂರಲ್ಲಿ ಯಾರು ಅಂತ ಇವತ್ತೇ ವಿಚಾರಿಸಿ, ನಂಬರನ್ನು ಮನೆಯ ಎಲ್ಲರ ಫೋನಿನಲ್ಲೂ ಹಾಕಿಡಿ. ಮೂತಿ ಕೆಳಗೆ ಮಾಡಿ ಪಕ್ಕದಿಂದ ನೀರು ಬಿಡುವುದು ಹೇಗೆ ಅಂತ ಅಜ್ಜಿ, ಕೆಲಸದವರು, ಮಕ್ಕಳು ಎಲ್ಲರಿಗೂ ಒಂದು ಸಲ ನಾಯಿಯನ್ನು ಹಿಡಿದುಕೊಂಡೇ ತೋರಿಸಿ. ಆ ಹೊತ್ತಿಗೆ ಮನೆಯಲ್ಲಿ ಯಾರು ಇರುತ್ತಾರೋ ಹೇಳಲಾಗದು.