ಪಾಲಕ್ ಎಲೆಯ ವರ್ಣಕಗಳು: ಆರ್‌ಎಫ್ ಮೌಲ್ಯ ಪುಸ್ತಕಕ್ಕೆ ಹೊಂದದಿದ್ದರೆ?

ಪ್ರಶ್ನೆ: ಪಾಲಕ್ ಎಲೆಯ ಪೇಪರ್ ಕ್ರೊಮಟೋಗ್ರಫಿಯಲ್ಲಿ ನಾಲ್ಕು ಪಟ್ಟಿಗಳು ಬಂದವು. ಕ್ಲೋರೊಫಿಲ್ ಎ-ಗೆ ಪುಸ್ತಕದಲ್ಲಿ 0.65 ಇದೆ, ನನಗೆ 0.59 ಬಂತು. ಅದೇ ಕಾಗದವನ್ನು ಅಳೆದ ಗೆಳತಿಗೆ ಸರಿಯಾಗಿ 0.65 ಬಂತು. ದ್ರಾವಕ 12 ಸೆಂ.ಮೀ. ಏರಿತ್ತು. ಪಟ್ಟಿಗಳು 11.4, 8.5, 7.1 ಮತ್ತು 5.0 ಸೆಂ.ಮೀ.ನಲ್ಲಿವೆ. ಯಾರದು ಸರಿ?

ನಿಮ್ಮದೇ ಸರಿ. ಪಟ್ಟಿ ಏರಿದ ದೂರವನ್ನು ದ್ರಾವಕ ಏರಿದ ದೂರದಿಂದ ಭಾಗಿಸಿದಾಗ ಬರುವುದೇ ಆರ್‌ಎಫ್ ಮೌಲ್ಯ. ನಿಮ್ಮ ಅಳತೆಗಳನ್ನು 12ರಿಂದ ಭಾಗಿಸಿದರೆ ಕ್ರಮವಾಗಿ 0.95, 0.71, 0.59 ಮತ್ತು 0.42 ಬರುತ್ತವೆ. ನಿಮ್ಮ ಗೆಳತಿ ರಸದ ಚುಕ್ಕೆ ಇಟ್ಟ ಪೆನ್ಸಿಲ್ ಗೆರೆಯಿಂದ ಅಳೆಯದೆ ಕಾಗದದ ಕೆಳ ಅಂಚಿನಿಂದ ಅಳೆದಿರಬೇಕು ಎಂಬುದು ನನ್ನ ಊಹೆ. ಗೆರೆಯನ್ನು ಅಂಚಿನಿಂದ 2 ಸೆಂ.ಮೀ. ಮೇಲೆ ಎಳೆದಿದ್ದರೆ ಎರಡೂ ದೂರಗಳಿಗೆ 2 ಸೇರಿ, 9.1ನ್ನು 14ರಿಂದ ಭಾಗಿಸಿದಾಗ ನಿಖರವಾಗಿ 0.65 ಸಿಗುತ್ತದೆ. ಅದು ಬರೀ ಕಾಕತಾಳೀಯ. ಅದೇ ರೀತಿಯಲ್ಲಿ ಕೊನೆಯ ಪಟ್ಟಿಯನ್ನು ಲೆಕ್ಕ ಹಾಕಿ ನೋಡಿ, 0.50 ಬರುತ್ತದೆ; ಪುಸ್ತಕದ 0.45ಕ್ಕೆ ಅದು ನಿಮ್ಮ 0.42ಗಿಂತಲೂ ದೂರ. ಈ ತಪ್ಪು ಎಲ್ಲ ಮೌಲ್ಯಗಳನ್ನೂ ಹೆಚ್ಚಿಸುತ್ತದೆ, ಅದರಲ್ಲೂ ಕೆಳಗಿನ ಪಟ್ಟಿಗಳನ್ನು ಹೆಚ್ಚು ಕೆಡಿಸುತ್ತದೆ.

ಹಾಗಾದರೆ 0.59 ಏಕೆ? ಪುಸ್ತಕದ ಅಂಕಿಗಳು ಒಂದು ನಿರ್ದಿಷ್ಟ ದ್ರಾವಕಕ್ಕೆ, ಸಾಮಾನ್ಯವಾಗಿ 9 ಪಾಲು ಪೆಟ್ರೋಲಿಯಂ ಈಥರ್ ಮತ್ತು 1 ಪಾಲು ಅಸಿಟೋನ್ ಇರುವ ಮಿಶ್ರಣಕ್ಕೆ, ಸೇರಿದವು. ಜಾಡಿಯ ಮುಚ್ಚಳ ಸಡಿಲವಾಗಿದ್ದರೆ, ಒಳಗೆ ಆವಿ ತುಂಬುವ ಮೊದಲೇ ಕಾಗದ ಇಳಿಬಿಟ್ಟರೆ, ಕಾಗದವೇ ತೇವ ಹೀರಿಕೊಂಡಿದ್ದರೆ ಮೌಲ್ಯ ಇಷ್ಟು ಜರುಗುವುದು ಸಹಜ. ದ್ರಾವಕ ಎಲ್ಲಿಯವರೆಗೆ ಏರಿತೆಂಬ ಗುರುತನ್ನು ಕಾಗದ ಹೊರತೆಗೆದ ಕೂಡಲೇ ಪೆನ್ಸಿಲ್‌ನಿಂದ ಹಾಕಬೇಕು, ಏಕೆಂದರೆ ಈಥರ್ ನೋಡುನೋಡುತ್ತಲೇ ಆರಿಹೋಗಿ ಅಂಚು ಮಾಯವಾಗುತ್ತದೆ.

ಆದ್ದರಿಂದ ವರ್ಣಕವನ್ನು ಗುರುತಿಸುವಾಗ ನಾನು ಮೊದಲು ನೋಡುವುದು ಪಟ್ಟಿಗಳ ಕ್ರಮ ಮತ್ತು ಬಣ್ಣ, ಆಮೇಲೆ ಅಂಕಿ. ಕ್ಯಾರೋಟಿನ್ ಬರೀ ಇಂಗಾಲ ಮತ್ತು ಜಲಜನಕದಿಂದಾದದ್ದು. ಕಾಗದದ ಸೆಲ್ಯುಲೋಸ್ ಅದನ್ನು ಹಿಡಿದುಕೊಳ್ಳಲಾರದ ಕಾರಣ ಅದು ದ್ರಾವಕದ ಜೊತೆಗೇ ಓಡಿ ತುತ್ತತುದಿಯಲ್ಲಿ ಕಿತ್ತಳೆ ಹಳದಿಯಾಗಿ ನಿಲ್ಲುತ್ತದೆ. ಅದರ ಕೆಳಗಿನ ಹಳದಿ ಪಟ್ಟಿ ಕ್ಸಾಂತೋಫಿಲ್, ನಂತರದ ನೀಲಿ ಛಾಯೆಯ ಹಸಿರು ಕ್ಲೋರೊಫಿಲ್ ಎ, ಕೊನೆಯ ಹಳದಿ ಛಾಯೆಯ ಹಸಿರು ಕ್ಲೋರೊಫಿಲ್ ಬಿ. ಎ-ಯಲ್ಲಿ ಮೀಥೈಲ್ ಗುಂಪಿರುವ ಜಾಗದಲ್ಲಿ ಬಿ-ಯಲ್ಲಿ ಆಲ್ಡಿಹೈಡ್ ಗುಂಪಿದೆ; ಅಷ್ಟೇ ವ್ಯತ್ಯಾಸದಿಂದ ಬಿ ಕಾಗದಕ್ಕೆ ಹೆಚ್ಚು ಅಂಟಿಕೊಂಡು ಹಿಂದೆ ಉಳಿಯುತ್ತದೆ. ಆದರೆ ಈ ಕ್ರಮ ಕಾಗದಕ್ಕೆ ಮಾತ್ರ: ಸಿಲಿಕಾ ಫಲಕದಲ್ಲಿ ಕ್ಸಾಂತೋಫಿಲ್ ಸಾಮಾನ್ಯವಾಗಿ ಕ್ಲೋರೊಫಿಲ್‌ಗಳಿಗಿಂತ ಕೆಳಗೆ ನಿಲ್ಲುತ್ತದೆ.

ಮುಂದಿನ ಸಲ ಕ್ಯಾರೋಟಿನ್‌ನ ಕೆಳಗೆ ಐದನೆಯದಾಗಿ ಬೂದು ಬಣ್ಣದ ಪಟ್ಟಿಯೊಂದು ಕಂಡರೆ ಅದು ಫಿಯೋಫೈಟಿನ್. ಎಲೆಯ ಆಮ್ಲದಿಂದ ಕ್ಲೋರೊಫಿಲ್ ತನ್ನ ಮೆಗ್ನೀಸಿಯಂ ಕಳೆದುಕೊಂಡಾಗ ಅದು ಉಂಟಾಗುತ್ತದೆ. ಅಸಿಟೋನ್‌ನಲ್ಲಿ ಎಲೆ ಅರೆಯುವಾಗಲೇ ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕಿ, ರಸವನ್ನು ಬಿಸಿಲಿನಲ್ಲಿಡದೆ ಕೂಡಲೇ ಬಳಸಿದರೆ ಅದು ಬಹುಮಟ್ಟಿಗೆ ತಪ್ಪುತ್ತದೆ.